ಕೆಲಸದಿಂದ ತೆಗೆದರು. "ಹಿಂದಿನ ಕೆಲಸ ಯಾಕೆ ಬಿಟ್ಟಿರಿ?" ಅಂದರೆ ಏನು ಹೇಳಲಿ?

ಲೆಕ್ಕದ_ಪುಟ

ಎಲ್ಲರಿಗೂ ನಮಸ್ಕಾರ. ಬರುವ ಗುರುವಾರ ನನಗೊಂದು ಇಂಟರ್‌ವ್ಯೂ ಇದೆ. ಬೆಂಗಳೂರಿನಲ್ಲೇ, ಅಕೌಂಟ್ಸ್ ಪೇಯಬಲ್ ಕೆಲಸ. ಮೊದಲ ಸುತ್ತು ಫೋನಿನಲ್ಲಿ ಆಯಿತು. ಅದರಲ್ಲಿ ಹಿಂದಿನ ಕೆಲಸದ ಬಗ್ಗೆ ಜಾಸ್ತಿ ಕೇಳಲಿಲ್ಲ. ಗುರುವಾರದ್ದು ಎಚ್‌ಆರ್ ಮತ್ತು ಮ್ಯಾನೇಜರ್ ಇಬ್ಬರೂ ಕೂರುವ ಸುತ್ತು. ಖಂಡಿತ ಕೇಳುತ್ತಾರೆ.

ನಾನಾಗಿ ಬಿಟ್ಟಿದ್ದಲ್ಲ, ತೆಗೆದರು. ಅಲ್ಲಿ ಮೂರು ವರ್ಷ ನಾಲ್ಕು ತಿಂಗಳು ಇದ್ದೆ. ನಾನು ಮಾಡಿದ ಎಂಟ್ರಿಯಿಂದ ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಯಿತು. 4 ಲಕ್ಷದ 60 ಸಾವಿರ ರೂಪಾಯಿ. ಜೂನ್‌ನಲ್ಲಿ ಹೋದ ಹಣ, ಜುಲೈನಲ್ಲಿ ವೆಂಡರ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡುವಾಗ ಸಿಕ್ಕಿತು. ವೆಂಡರ್ ಅಷ್ಟನ್ನೂ ವಾಪಸ್ ಕೊಟ್ಟರು. ಆದರೂ ಆಗಸ್ಟ್‌ನಲ್ಲಿ ನನ್ನನ್ನು ಕರೆದು ಪತ್ರ ಕೊಟ್ಟರು. ಒಂದು ತಿಂಗಳ ಸಂಬಳ ಸೇರಿಸಿ ಲೆಕ್ಕ ಮುಗಿಸಿದರು. ಐಡಿ ಕಾರ್ಡ್ ಅವತ್ತೇ ತೆಗೆದುಕೊಂಡರು.

"ಮದುವೆ ಮಾತುಕತೆ ನಡೀತಿತ್ತು, ಅದಕ್ಕೆ ಬಿಟ್ಟೆ ಅಂತ ಹೇಳು" ಅನ್ನುತ್ತಾನೆ ನಮ್ಮಣ್ಣ. "ಪರ್ಸನಲ್ ರೀಸನ್ ಅಂದುಬಿಡು, ಯಾರೂ ಕೆದಕಲ್ಲ" ಅನ್ನುತ್ತಾಳೆ ಗೆಳತಿ. ನನಗೆ ಸುಳ್ಳು ಹೇಳುವ ಮನಸ್ಸಿಲ್ಲ. ಆದರೆ "ತೆಗೆದರು" ಅಂದ ತಕ್ಷಣ ಅವರು ಫೈಲ್ ಮುಚ್ಚಿಟ್ಟರೆ ಅನ್ನೋ ಭಯ ಇದೆ.

ನಾನು ಬರೆದುಕೊಂಡಿರುವ ಉತ್ತರ ಇದು: "ಜನವರಿಯಲ್ಲಿ ಜೊತೆಯವರು ಬಿಟ್ಟು ಹೋದ ಮೇಲೆ ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದೆ. ಒಂದು ಸಲ ಒಂದು ತಪ್ಪಾಯಿತು. ಅದನ್ನು ನೋಡಿ ಪಾಸ್ ಮಾಡಬೇಕಾದ ಚೆಕ್ಕರ್ ಕೂಡ ಗಮನಿಸಲಿಲ್ಲ. ಆದರೂ ನನ್ನನ್ನು ಮಾತ್ರ ತೆಗೆದರು." ಇದೆಲ್ಲ ನಿಜವೇ. ಹೀಗೇ ಹೇಳಬಹುದಾ?

---

ಬಿಟಿಎಂ_ಎರಡನೇ_ಹಂತ

ನಿಮ್ಮ ಗೆಳತಿ ಹೇಳಿದ್ದೇ ಸರಿ. ಸುಮ್ನೆ ಯಾಕೆ ನಮ್ಮ ಕಾಲಿಗೆ ನಾವೇ ಕಲ್ಲು ಹಾಕಿಕೊಳ್ಳಬೇಕು? ಹಳೆ ಕಂಪನಿಯವರು ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ ಇಷ್ಟನ್ನೇ ಹೇಳಬೇಕು. ಅದಕ್ಕಿಂತ ಜಾಸ್ತಿ ಹೇಳುವುದು ಕಾನೂನಿಗೆ ವಿರುದ್ಧ. ಪಿಎಫ್‌ನಲ್ಲೂ ತೆಗೆದರು ಅಂತ ಬರುವುದಿಲ್ಲ. ನನ್ನ ಕಸಿನ್ ಹೀಗೇ ದಾಟಿಕೊಂಡ. ಇವತ್ತು ಟೀಮ್ ಲೀಡ್ ಆಗಿದ್ದಾನೆ.

---

ನೇಮಕಾತಿ_ಮೇಜು

ನಾನು 14 ವರ್ಷದಿಂದ ನೇಮಕಾತಿ ವಿಭಾಗದಲ್ಲಿದ್ದೇನೆ. ಮೊದಲು ಕಾರ್ಖಾನೆಗಳಿಗೆ ಜನ ತೆಗೆದುಕೊಳ್ಳುತ್ತಿದ್ದೆ, ಈಗ ಫೈನಾನ್ಸ್ ಮತ್ತು ಆಪರೇಷನ್ಸ್ ತಂಡಗಳಿಗೆ. ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ತಪ್ಪಿರುವ ಅರ್ಧವನ್ನು ನಂಬಿದರೆ ಈ ತಂಗಿಗೆ ತೊಂದರೆ ಆಗುತ್ತದೆ.

ಪಿಎಫ್ ಬಗ್ಗೆ ಹೇಳಿದ್ದು ಸರಿ. ಇಪಿಎಫ್‌ಒ ಪೋರ್ಟಲ್‌ನಲ್ಲಿ Service History ತೆರೆದರೆ ಯಾವ ಕಂಪನಿ, ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಅನ್ನುವುದು ಕಾಣಿಸುತ್ತದೆ. ರಾಜೀನಾಮೆ ಕೊಟ್ಟವರಿಗೂ ತೆಗೆದುಹಾಕಿದವರಿಗೂ ಕಂಪನಿಗಳು ಸಾಮಾನ್ಯವಾಗಿ ಒಂದೇ ಕಾರಣ ಹಾಕುತ್ತವೆ, Cessation (Short Service) ಅಂತ. ಹಾಗಾಗಿ ಪಿಎಫ್ ನೋಡಿ ಯಾರೂ ನಿಮ್ಮ ಕಥೆ ಹೇಳಲಾರರು. ಆದರೆ ತಾರೀಖು ಮಾತ್ರ ಪಕ್ಕಾ ಇರುತ್ತದೆ. ಆ ಕಂಪನಿಯ ಹೆಸರನ್ನೇ ರೆಸ್ಯೂಮೆಯಿಂದ ತೆಗೆದುಬಿಡುತ್ತೇನೆ ಅನ್ನುವವರು ಸಿಕ್ಕಿಬೀಳುವುದು ಅಲ್ಲೇ.

ಹಳೆ ಕಂಪನಿ ತಾರೀಖು ಬಿಟ್ಟು ಬೇರೇನೂ ಹೇಳಬಾರದು ಅನ್ನುವ ಕಾನೂನು ನಮ್ಮಲ್ಲಿಲ್ಲ. ಕೆಲವು ದೊಡ್ಡ ಕಂಪನಿಗಳು ತಾವೇ ಹಾಗೆ ನಿಯಮ ಮಾಡಿಕೊಂಡಿವೆ, ಅಷ್ಟೇ. ಹಿನ್ನೆಲೆ ಪರಿಶೀಲನೆ ಮಾಡುವ ಏಜೆನ್ಸಿ ಹಳೆ ಕಂಪನಿಯ ಎಚ್‌ಆರ್‌ಗೆ ಒಂದು ಫಾರಂ ಮೇಲ್ ಮಾಡುತ್ತದೆ. ನಾನು ದಿನಾ ನೋಡುವ ಫಾರಂಗಳಲ್ಲಿ ತಾರೀಖು, ಹುದ್ದೆ, ಸಂಬಳ ಆದ ಮೇಲೆ ಇನ್ನೂ ಮೂರು ಸಾಲು ಇರುತ್ತವೆ. ಬಿಟ್ಟ ಕಾರಣ ಏನು? ಬಾಕಿ ಏನಾದರೂ ಇದೆಯಾ? ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ? ಹಳೆ ಕಂಪನಿ ಈ ಮೂರನ್ನೂ ಖಾಲಿ ಬಿಡಬಹುದು, ತುಂಬಲೂಬಹುದು. ಏನು ಮಾಡುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ.

ನೀವು "ಪರ್ಸನಲ್ ರೀಸನ್" ಅಂದಿದ್ದೀರಿ, ಅವರು "ಕೆಲಸದಿಂದ ತೆಗೆಯಲಾಗಿದೆ" ಅಂತ ಬರೆದಿದ್ದಾರೆ ಅಂದುಕೊಳ್ಳಿ. ವರದಿಯಲ್ಲಿ ಆ ಸಾಲು ಕೆಂಪಾಗುತ್ತದೆ. ಆಗ ನನ್ನ ಮೇಜಿನ ಮೇಲಿನ ಪ್ರಶ್ನೆಯೇ ಬದಲಾಗಿರುತ್ತದೆ. ಈ ಹುಡುಗಿ ಎಂಟ್ರಿ ತಪ್ಪು ಮಾಡಿದ್ದಾಳೆ ಅನ್ನುವುದಲ್ಲ, ಈ ಹುಡುಗಿ ನಮಗೆ ಸುಳ್ಳು ಹೇಳಿದ್ದಾಳೆ ಅನ್ನುವುದು. ಮೊದಲನೆಯದಕ್ಕೆ ಮ್ಯಾನೇಜರ್ ಹತ್ತಿರ ಮಾತಾಡಿ ದಾರಿ ಹುಡುಕಬಹುದು. ಎರಡನೆಯದಕ್ಕೆ ನನ್ನ ಹತ್ತಿರ ದಾರಿ ಇಲ್ಲ. ಆಫರ್ ಲೆಟರ್‌ನಲ್ಲೇ ಬರೆದಿರುತ್ತದೆ, ಕೊಟ್ಟ ಮಾಹಿತಿ ಸುಳ್ಳಾದರೆ ಯಾವಾಗ ಬೇಕಾದರೂ ತೆಗೆಯಬಹುದು ಅಂತ. ಸೇರಿ ಎರಡು ತಿಂಗಳಾದ ಮೇಲೆ ವರದಿ ಬಂದು ಹೋದವರನ್ನು ನೋಡಿದ್ದೇನೆ. ಆಮೇಲೆ ಅವರು ವಿವರಿಸಬೇಕಾದ್ದು ಎರಡು ಕೆಲಸಗಳ ಬಗ್ಗೆ.

ಅಣ್ಣನ ಮದುವೆ ಉಪಾಯ ಬೇಡವೇ ಬೇಡ. ಅದು ಸುಳ್ಳು ಅನ್ನುವುದು ಒಂದು ಕಡೆ. ಹೆಣ್ಣುಮಕ್ಕಳು ಅದನ್ನು ಹೇಳಿದರೆ ಮುಂದಿನ ಪ್ರಶ್ನೆ "ಮದುವೆ ಆದಮೇಲೆ ಊರು ಬಿಡ್ತೀರಾ?" ಅನ್ನುವುದು. ಕೇಳಬಾರದು, ಆದರೂ ಕೇಳುವವರಿದ್ದಾರೆ. ಒಂದು ಸುಳ್ಳಿಗೆ ನಾಲ್ಕು ಸುಳ್ಳು ಸೇರಿಸುತ್ತಾ ಹೋಗಬೇಕಾಗುತ್ತದೆ.

ನಿಮ್ಮ ಉತ್ತರದ ಬಗ್ಗೆ ಸಂಜೆ ಬರೆಯುತ್ತೇನೆ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಅವರು ಕೊಟ್ಟ ಪತ್ರವನ್ನು ತೆಗೆದು, ಕಾರಣ ಬರೆದಿರುವ ಪ್ಯಾರಾವನ್ನು ಒಂದೊಂದೇ ಪದ ಓದಿ.

---

ನ್ಯಾಯಕ್ಕೆ_ನಾವು

ಮೇಡಂ, ನೀವು ಇಂಟರ್‌ವ್ಯೂ ಬಗ್ಗೆ ಯಾಕೆ ಯೋಚನೆ ಮಾಡುತ್ತಿದ್ದೀರಿ? ಮೊದಲು ಆ ಕಂಪನಿಯ ಮೇಲೆ ಕೇಸ್ ಹಾಕಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ 39ನೇ ಸೆಕ್ಷನ್ ನೋಡಿ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ. ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲ ಅಂದರೆ ಅಷ್ಟು ಸಂಬಳ ಕೊಡಬೇಕು. ಬಿಡಬೇಡಿ.

---

ಲೆಕ್ಕದ_ಪುಟ

ಸರ್, ಒಂದು ತಿಂಗಳ ಸಂಬಳ ಕೊಟ್ಟಿದ್ದಾರೆ. ಕಾರಣ ಇಲ್ಲದೆ ತೆಗೆದರು ಅಂತ ನಾನು ಹೇಳುತ್ತಿಲ್ಲ. ಕೇಸ್ ಹಾಕುವ ಯೋಚನೆ ಇಲ್ಲ. ಗುರುವಾರ ಏನು ಹೇಳಬೇಕು ಅನ್ನುವುದಷ್ಟೇ ನನ್ನ ಪ್ರಶ್ನೆ.

---

ವೈಟ್‌ಫೀಲ್ಡ್_ಬಸ್

ನನ್ನದೂ ಇದೇ ಕಥೆ. ನಮ್ಮ ಇಡೀ ಪ್ರಾಜೆಕ್ಟ್ ಮುಚ್ಚಿದರು, ನಲವತ್ತು ಜನರನ್ನು ಒಂದೇ ದಿನ ಕಳಿಸಿದರು. ನಾನು ಪ್ರತಿ ಇಂಟರ್‌ವ್ಯೂನಲ್ಲೂ "ಲೇಆಫ್ ಆಯಿತು" ಅಂತ ನೇರವಾಗಿ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಈಗಿನ ಕಾಲದಲ್ಲಿ ಇದೆಲ್ಲ ಮಾಮೂಲಿ. ನೀವೂ ಲೇಆಫ್ ಅಂದುಬಿಡಿ.

---

ನೇಮಕಾತಿ_ಮೇಜು

ವೈಟ್‌ಫೀಲ್ಡ್ ಸರ್, ನಿಮ್ಮದು ಬೇರೆ, ಇವರದು ಬೇರೆ. ಹುದ್ದೆಯೇ ಹೋಯಿತು ಅಂದರೆ ಲೇಆಫ್. ಇವರ ಹುದ್ದೆ ಅಲ್ಲೇ ಇದೆ, ಆ ಕುರ್ಚಿಯಲ್ಲಿ ಈಗ ಇನ್ನೊಬ್ಬರು ಕೂತಿರುತ್ತಾರೆ. ಲೇಆಫ್ ಅಂದರೆ ಮುಂದಿನ ಪ್ರಶ್ನೆ "ಎಷ್ಟು ಜನ ಹೋದರು?" ಅದಕ್ಕೆ ಇವರು ಏನು ಹೇಳಬೇಕು?

ಈಗ ಉತ್ತರಕ್ಕೆ ಬರುತ್ತೇನೆ. ತಂಗೀ, ನೀವು ಬರೆದುಕೊಂಡಿರುವ ನಾಲ್ಕು ಸಾಲನ್ನು ಜೋರಾಗಿ ಓದಿ. ಮೊದಲ ಸಾಲು ಕಂಪನಿಯ ಬಗ್ಗೆ ದೂರು. ಮೂರನೆಯದು ಚೆಕ್ಕರ್ ಬಗ್ಗೆ ದೂರು. ನಾಲ್ಕನೆಯದು ಮತ್ತೆ ಕಂಪನಿಯ ಬಗ್ಗೆ ದೂರು. ನಿಮ್ಮ ಪಾಲು ಇರುವುದು ಎರಡನೆಯದರಲ್ಲಿ ಮಾತ್ರ. ಅದರಲ್ಲೂ "ತಪ್ಪಾಯಿತು" ಅಂದಿದ್ದೀರಿ, "ತಪ್ಪು ಮಾಡಿದೆ" ಅಂದಿಲ್ಲ. ಕೇಳುವವರ ಕಿವಿಗೆ ಇದು ಬೇಗ ಬೀಳುತ್ತದೆ.

ಚೆಕ್ಕರ್ ಕೂಡ ನೋಡಲಿಲ್ಲ ಅನ್ನುವುದು ನಿಜ ಇರಬಹುದು. ಆದರೆ ನೀವಾಗಿ ಹೇಳಬೇಡಿ. ಮ್ಯಾನೇಜರ್ ಈ ಕೆಲಸ ಗೊತ್ತಿರುವವರಾದರೆ ತಾವೇ ಕೇಳುತ್ತಾರೆ, "ಚೆಕ್ಕರ್ ಇರಲಿಲ್ವಾ?" ಅಂತ. ಆಗ "ಇದ್ದರು, ಅವರ ಕಣ್ಣಿಗೂ ಬೀಳಲಿಲ್ಲ. ಆದರೆ ಎಂಟ್ರಿ ನನ್ನದು" ಅಂದರೆ ಸಾಕು. ಕೇಳಿದ ಮೇಲೆ ಹೇಳಿದರೆ ಅದು ಮಾಹಿತಿ, ಕೇಳುವ ಮೊದಲೇ ಹೇಳಿದರೆ ಅದು ದೂರು.

ನನ್ನ ಅನುಭವದಲ್ಲಿ ಈ ಪ್ರಶ್ನೆಗೆ ಅರ್ಧ ನಿಮಿಷದ ಉತ್ತರ ಸಾಕು. ಕಂಪನಿ ತೆಗೆಯಿತು ಅನ್ನುವುದು ಮೊದಲ ವಾಕ್ಯದಲ್ಲೇ ಬರಲಿ, ಸುತ್ತಿ ಬಳಸಿ ಬೇಡ. ಆಮೇಲೆ ಏನಾಯಿತು ಅಂತ ಎರಡು ವಾಕ್ಯ. ಆಮೇಲೆ ಈಗ ನೀವು ಬೇರೆ ಥರ ಏನು ಮಾಡುತ್ತೀರಿ ಅಂತ ಒಂದು ಅಥವಾ ಎರಡು ವಾಕ್ಯ. ಅಲ್ಲಿಗೆ ಬಾಯಿ ಮುಚ್ಚಿ ಸುಮ್ಮನೆ ಕೂರಿ. ತುಂಬಾ ಜನ ಎಡವುವುದು ಈ ಕೊನೆಯ ಜಾಗದಲ್ಲೇ. ಎದುರಿನವರು ನಾಲ್ಕು ಸೆಕೆಂಡ್ ಏನೂ ಅನ್ನದೆ ಬರೆದುಕೊಳ್ಳುತ್ತಿರುತ್ತಾರೆ. ಆ ಮೌನ ತಡೆಯಲಾಗದೆ ಇವರು "ಆದರೆ ಅಲ್ಲಿ ವಾತಾವರಣವೇ ಸರಿ ಇರಲಿಲ್ಲ" ಅಂತ ಶುರು ಮಾಡುತ್ತಾರೆ. ಆಗ ಮೊದಲು ಹೇಳಿದ್ದೆಲ್ಲ ನೀರಿನಲ್ಲಿ ಹೋಮ.

ಪತ್ರ ಓದಿದಿರಾ?

---

ಲೆಕ್ಕದ_ಪುಟ

ಓದಿದೆ ಅಕ್ಕ. ಓದಿದ ಮೇಲೆ ಒಂದು ಗಂಟೆ ಏನೂ ಬರೆಯೋಕೆ ಆಗಲಿಲ್ಲ.

ಪತ್ರದಲ್ಲಿ ಹೀಗಿದೆ: ಫೆಬ್ರವರಿಯಲ್ಲಿ ಲಿಖಿತ ಎಚ್ಚರಿಕೆ ಕೊಟ್ಟ ಮೇಲೂ ಅದೇ ಬಗೆಯ ಲೋಪ ಮತ್ತೆ ನಡೆದಿದೆ, ಆದ್ದರಿಂದ ಸೇವೆಯನ್ನು ಕೊನೆಗೊಳಿಸಲಾಗಿದೆ.

ಫೆಬ್ರವರಿಯದನ್ನು ನಾನು ಇಲ್ಲಿ ಬರೆದೇ ಇರಲಿಲ್ಲ. ಮುಚ್ಚಿಡಬೇಕು ಅಂತ ಅಲ್ಲ, ನಿಜವಾಗಿಯೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆಗಲೂ ಒಂದು ಬಿಲ್ಲನ್ನು ಎರಡು ಸಲ ಎಂಟ್ರಿ ಮಾಡಿದ್ದೆ. ಹಣ ಹೋಗುವ ಮೊದಲೇ ಪೇಮೆಂಟ್ ಪಟ್ಟಿಯಲ್ಲಿ ಸಿಕ್ಕಿತ್ತು. ಹಣ ಹೋಗಲಿಲ್ಲವಲ್ಲ, ಅದು ತಪ್ಪೇ ಅಲ್ಲ ಅಂತ ನನ್ನೊಳಗೆ ಅಂದುಕೊಂಡುಬಿಟ್ಟಿದ್ದೆ. ಎಚ್ಚರಿಕೆ ಮೇಲ್‌ಗೆ "ಗಮನಿಸಿದ್ದೇನೆ" ಅಂತ ಉತ್ತರ ಕೂಡ ಬರೆದಿದ್ದೇನೆ.

ಹಾಗಾದರೆ "ಒಂದು ಸಲ ಒಂದು ತಪ್ಪಾಯಿತು" ಅನ್ನುವ ಸಾಲು ಸುಳ್ಳು. ಇದೆಲ್ಲ ನಿಜವೇ ಅಂತ ಬರೆದು ಇಲ್ಲಿ ಕೇಳಿದ್ದೆ. ನಾಚಿಕೆ ಆಗುತ್ತಿದೆ.

---

ನೇಮಕಾತಿ_ಮೇಜು

ನಾಚಿಕೆ ಪಡಬೇಡಿ. ಪತ್ರ ಓದಿ ಅಂತ ಹೇಳಿದ್ದು ಇದಕ್ಕೇ. ಕೆಲಸ ಕಳೆದುಕೊಂಡವರು ಒಂದೆರಡು ತಿಂಗಳಲ್ಲಿ ತಮ್ಮ ಕಥೆಯನ್ನು ಹತ್ತಾರು ಸಲ ಹೇಳಿರುತ್ತಾರೆ. ಅಮ್ಮನಿಗೆ, ಗೆಳತಿಗೆ, ನೆಂಟರಿಗೆ. ಪ್ರತಿ ಸಲವೂ ನೋಯುವ ತುಣುಕೊಂದು ಉದುರಿ ಹೋಗುತ್ತದೆ. ಕೊನೆಗೆ ಉಳಿದದ್ದೇ ನಿಜ ಅನ್ನಿಸಿಬಿಡುತ್ತದೆ. ಪತ್ರದಲ್ಲಿ ಮಾತ್ರ ಏನೂ ಉದುರಿರುವುದಿಲ್ಲ. ಹಳೆ ಕಂಪನಿಯ ಎಚ್‌ಆರ್ ಪರಿಶೀಲನೆಯ ಫಾರಂ ತುಂಬುವಾಗ ತೆರೆಯುವುದು ಅದೇ ಪತ್ರವನ್ನು. ನಿಮ್ಮ ಉತ್ತರ ಆ ಪ್ಯಾರಾದ ಪಕ್ಕದಲ್ಲಿ ಇಟ್ಟರೆ ಹೊಂದಬೇಕು. ಅದಕ್ಕಿಂತ ಚಿಕ್ಕದಿರಬಹುದು, ಅದಕ್ಕೆ ಎದುರು ಇರಬಾರದು.

ಫೆಬ್ರವರಿಯದನ್ನು ಅರ್ಧ ನಿಮಿಷದ ಉತ್ತರದಲ್ಲೇ ತರಬೇಕಾ? ನನ್ನ ಅಭಿಪ್ರಾಯದಲ್ಲಿ ತನ್ನಿ, ಐದು ಪದದಲ್ಲಿ. "ಅದಕ್ಕೂ ಮೊದಲು ಒಂದು ಎಚ್ಚರಿಕೆ ಬಂದಿತ್ತು." ನಿಮ್ಮದು ಹಣ ಮುಟ್ಟುವ ಕೆಲಸ, ಎರಡೂ ತಪ್ಪು ಒಂದೇ ಬಗೆಯವು. ಬೇರೆ ಬೇರೆ ಬಗೆಯವಾಗಿದ್ದರೆ ಕೇಳಿದರೆ ಹೇಳಿ ಅನ್ನುತ್ತಿದ್ದೆ.

---

ಕರಾವಳಿ_ಲೆಡ್ಜರ್

ನಾನು ಮಂಗಳೂರಿನಲ್ಲಿ ಎಪಿ ತಂಡ ನೋಡಿಕೊಳ್ಳುತ್ತೇನೆ. ನಿಮ್ಮಂಥವರನ್ನು ಇಂಟರ್‌ವ್ಯೂ ಮಾಡುವವನು ನಾನು. ಆ ಕಡೆಯ ಕುರ್ಚಿಯಿಂದ ಒಂದು ಮಾತು.

"ಈಗ ಜಾಗರೂಕತೆಯಿಂದ ಕೆಲಸ ಮಾಡುತ್ತೇನೆ" ಅಂದರೆ ನಾನು ಒಂದಕ್ಷರವೂ ಬರೆದುಕೊಳ್ಳುವುದಿಲ್ಲ. ಎಲ್ಲರೂ ಅದನ್ನೇ ಹೇಳುತ್ತಾರೆ. ತಪ್ಪು ಹೇಗೆ ನುಸುಳಿತು ಅಂತ ನಿಮಗೆ ಗೊತ್ತಾ, ಅದನ್ನು ಹೇಳಿ. ಎರಡು ಸಲ ಎಂಟ್ರಿ ಹೇಗೆ ಆಯಿತು? ಸಿಸ್ಟಮ್ ಯಾಕೆ ತಡೆಯಲಿಲ್ಲ?

---

ಲೆಕ್ಕದ_ಪುಟ

ಸರ್, ಬಿಲ್ ಮೊದಲು ಮೇಲ್‌ನಲ್ಲಿ ಬಂತು. ಅದನ್ನು ನೋಡಿ INV-0457 ಅಂತ ಹಾಕಿದ್ದೆ. ಮೂರು ವಾರದ ಮೇಲೆ ಅದೇ ಬಿಲ್ಲಿನ ಕಾಗದದ ಪ್ರತಿ ಸ್ಟೋರ್ಸ್‌ನಿಂದ ಬಂತು. ಆಗ INV0457 ಅಂತ ಹಾಕಿದೆ, ನಡುವಿನ ಗೆರೆ ಇಲ್ಲದೆ. ಸಿಸ್ಟಮ್‌ಗೆ ಅವು ಎರಡು ಬೇರೆ ಬೇರೆ ಬಿಲ್. ಫೆಬ್ರವರಿಯಲ್ಲೂ ಹೀಗೇ, ಆಗ ನಂಬರಿನ ಮುಂದಿನ ಸೊನ್ನೆ ಬಿಟ್ಟಿದ್ದೆ.

---

ಕರಾವಳಿ_ಲೆಡ್ಜರ್

ಇದನ್ನೇ ಹೇಳಿ! ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಈ ಕೆಲಸ ಮಾಡಿದವರಿಗೆಲ್ಲ ಈ ಗುಂಡಿ ಗೊತ್ತು. ಸಿಸ್ಟಮ್ ವೆಂಡರ್, ಬಿಲ್ ನಂಬರ್, ತಾರೀಖು, ಮೊತ್ತ ಇಟ್ಟು ಹೋಲಿಸುತ್ತದೆ. ನಂಬರಿನಲ್ಲಿ ಒಂದು ಗೆರೆ ಆಚೆ ಈಚೆ ಆದರೂ ಬೇರೆ ಬಿಲ್ ಅಂದುಕೊಳ್ಳುತ್ತದೆ. ನಮ್ಮಲ್ಲಿ ಒಂದು ನಿಯಮ ಮಾಡಿದ್ದೇವೆ. ಬಿಲ್ ನಂಬರಿನಲ್ಲಿ ಅಕ್ಷರ, ಅಂಕಿ ಬಿಟ್ಟು ಬೇರೇನೂ ಹಾಕುವಂತಿಲ್ಲ. ಗೆರೆ ಇಲ್ಲ, ಓರೆ ಗೀಟು ಇಲ್ಲ, ನಡುವೆ ಜಾಗ ಇಲ್ಲ. ಸೊನ್ನೆ ಇದ್ದಷ್ಟೂ ಹಾಕಬೇಕು. ಎಂಟ್ರಿ ಮೇಲ್ ಪ್ರತಿಯಿಂದ ಮಾತ್ರ, ಕಾಗದದ ಪ್ರತಿ ಫೈಲಿಗೆ. ಪೇಮೆಂಟ್ ಬಿಡುವ ಹಿಂದಿನ ದಿನ ಒಂದೇ ವೆಂಡರ್, ಒಂದೇ ಮೊತ್ತ ಇರುವ ಬಿಲ್‌ಗಳನ್ನು ಪಟ್ಟಿ ತೆಗೆದು ಕಣ್ಣಾಡಿಸುತ್ತೇವೆ.

ಇನ್ನೊಂದು ಇದೆ. ಜಿಎಸ್‌ಟಿಆರ್-2ಬಿ ಪ್ರತಿ ತಿಂಗಳು 14ಕ್ಕೆ ಬರುತ್ತದೆ ಅಲ್ವಾ. ಅದರಲ್ಲಿ ವೆಂಡರ್ ಆ ಬಿಲ್ಲನ್ನು ಒಂದೇ ಸಲ ತೋರಿಸಿರುತ್ತಾರೆ, ನಿಮ್ಮ ಖರೀದಿ ಪುಸ್ತಕದಲ್ಲಿ ಎರಡು ಇರುತ್ತವೆ. ತಾಳೆ ನೋಡಿದರೆ ಅಲ್ಲೇ ಸಿಗುತ್ತದೆ. ಆದರೆ ಅಷ್ಟರಲ್ಲಿ ಹಣ ಹೋಗಿರಲೂಬಹುದು, ಅದಕ್ಕೇ ಇದೊಂದನ್ನೇ ನಂಬುವ ಹಾಗಿಲ್ಲ.

ಇದರಲ್ಲಿ ನಿಮಗೆ ನಿಜವಾಗಿ ಅರ್ಥವಾದದ್ದನ್ನು ಮಾತ್ರ ಹೇಳಿ. ನನ್ನ ಮಾತನ್ನು ಬಾಯಿಪಾಠ ಮಾಡಬೇಡಿ. ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ವೆಂಡರ್ ಹೆಸರು ಹೇಳಬೇಡಿ, ಹಳೆ ಕಂಪನಿಯ ಪರದೆಯ ಚಿತ್ರ ತೋರಿಸಬೇಡಿ. ಅವರ ಮಾಹಿತಿ ಹೊರಗೆ ಹಾಕುವವರು ನಮ್ಮದನ್ನೂ ಹಾಕುತ್ತಾರೆ ಅನ್ನಿಸುತ್ತದೆ.

ಇಬ್ಬರ ಕೆಲಸ ಒಬ್ಬರೇ ಮಾಡುತ್ತಿದ್ದಿರಿ ಅನ್ನುವುದು ನನಗೆ ಮುಖ್ಯವೇ. ದಿನಕ್ಕೆ ಎಷ್ಟು ಬಿಲ್ ಇತ್ತು ಅಂತ ನಾನು ಕೇಳುತ್ತೇನೆ. ಆಗ ಸಂಖ್ಯೆ ಹೇಳಿ, ಅಷ್ಟೇ ಹೇಳಿ.

ನೇಮಕಾತಿ ಮೇಡಂ ಜೊತೆ ನನ್ನದೊಂದು ಭಿನ್ನಾಭಿಪ್ರಾಯ ಇದೆ. ಮೊದಲ ಫೋನ್ ಸುತ್ತಿನಲ್ಲೇ ಇವರು ಹೇಳಬೇಕಿತ್ತು. ಮೂರು ಸುತ್ತು ಮಾತಾಡಿ, ಮೇಲಿನವರಿಗೆ "ಒಳ್ಳೆ ಹುಡುಗಿ ಸಿಕ್ಕಿದ್ದಾಳೆ" ಅಂತ ಹೇಳಿದ ಮೇಲೆ ಈ ವಿಷಯ ಗೊತ್ತಾದರೆ ನನಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ.

---

ನೇಮಕಾತಿ_ಮೇಜು

ಸರ್, ನಿಮ್ಮಂಥ ಮ್ಯಾನೇಜರ್ ಫೋನ್ ಎತ್ತಿದರೆ ಹೇಳಬಹುದು. ಮೊದಲ ಸುತ್ತಿನಲ್ಲಿ ಫೋನ್ ಮಾಡುವುದು ಯಾರು ಗೊತ್ತಲ್ಲ, ದಿನಕ್ಕೆ ಐವತ್ತು ಜನಕ್ಕೆ ಕರೆ ಮಾಡುವ ಹುಡುಗರು. ಅವರ ಹತ್ತಿರ INV-0457 ಕಥೆ ಹೇಳಿದರೆ ಅವರು ಬರೆದುಕೊಳ್ಳುವುದು "ಟರ್ಮಿನೇಟೆಡ್" ಅನ್ನುವ ಒಂದೇ ಪದ. ಕೇಳಿದರೆ ಸುಳ್ಳು ಹೇಳಬಾರದು. ಕೇಳದಿದ್ದರೆ, ಅರ್ಥ ಮಾಡಿಕೊಳ್ಳಬಲ್ಲವರು ಎದುರು ಕೂರುವ ತನಕ ಕಾಯುವುದು ತಪ್ಪಲ್ಲ. ಆದರೆ ಫಾರಂಗೆ ಸಹಿ ಹಾಕುವ ಮೊದಲು ಹೇಳಿಯೇ ಇರಬೇಕು.

---

ಕರಾವಳಿ_ಲೆಡ್ಜರ್

ನನಗೆ ಒಪ್ಪಿಗೆ ಆಗುತ್ತಿಲ್ಲ. ಇರಲಿ.

---

ಪೀಣ್ಯ_ಎರಡನೇ_ಪಾಳಿ

ಎಲ್ಲರೂ ಎಂಟ್ರಿ ತಪ್ಪಿನ ಬಗ್ಗೆ ಮಾತಾಡುತ್ತಿದ್ದೀರಿ. ನನ್ನದು ಅಷ್ಟು ಸುಲಭ ಇಲ್ಲ. ನಾನು ಲೈನ್ ಸೂಪರ್‌ವೈಸರ್ ಆಗಿದ್ದೆ. ತಡವಾಗಿ ಬರುವ ಗೆಳೆಯನ ಪಂಚಿಂಗ್ ಕಾರ್ಡ್ ನಾನು ಪಂಚ್ ಮಾಡಿದೆ. ಮೂರು ಸಲ. ಕ್ಯಾಮೆರಾದಲ್ಲಿ ಸಿಕ್ಕಿತು. ವಿಚಾರಣೆ ಮಾಡಿದರು, ನಾನು ಒಪ್ಪಿಕೊಂಡೆ, ತೆಗೆದರು. ಪತ್ರದಲ್ಲಿ "ದುರ್ನಡತೆ" ಅಂತಲೇ ಇದೆ. ನಾಲ್ಕು ಕಡೆ ನಿಜ ಹೇಳಿದೆ. ನಾಲ್ಕು ಕಡೆಯೂ ಆಗಲಿಲ್ಲ. ಐದನೆಯ ಕಡೆ ಊರಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ ಅಂದೆ, ತೆಗೆದುಕೊಂಡರು. ಏಳು ತಿಂಗಳಾಯಿತು. ಪರಿಶೀಲನೆ ಏನೂ ಮಾಡಿಲ್ಲ, ಸಣ್ಣ ವರ್ಕ್‌ಶಾಪ್. ನಿಜ ಹೇಳಿ ಅನ್ನುವುದು ಸುಲಭ. ಮನೆ ಬಾಡಿಗೆ ಯಾರು ಕಟ್ಟುತ್ತಾರೆ?

---

ನೇಮಕಾತಿ_ಮೇಜು

ಅಣ್ಣ, ನಿಮಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ನಾಲ್ಕು ಕಡೆ ನಿಜ ಹೇಳಿದ್ದೀರಿ. ಕೈತಪ್ಪು ಬೇರೆ, ಗೊತ್ತಿದ್ದೂ ಮಾಡಿದ್ದು ಬೇರೆ ಅಂತ ಎಲ್ಲ ಕಡೆ ನೋಡುತ್ತಾರೆ. ಎರಡನೆಯದು ಕಷ್ಟವೇ. ನಿಜ ಹೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತ ನಾನು ಯಾರಿಗೂ ಹೇಳಿಲ್ಲ.

ಒಂದೇ ಕೇಳುತ್ತೇನೆ. ಆ ನಾಲ್ಕು ಕಡೆ ಹೇಗೆ ಹೇಳಿದಿರಿ? "ಗೆಳೆಯನಿಗೆ ಸಹಾಯ ಮಾಡೋಕೆ ಹೋಗಿ ಸಿಕ್ಕಿಬಿದ್ದೆ" ಅಂತಲಾ?

---

ಪೀಣ್ಯ_ಎರಡನೇ_ಪಾಳಿ

ಹೌದು. ಹಾಗೇ ಹೇಳಿದ್ದು. ಅದೂ ನಿಜವೇ ತಾನೆ.

---

ನೇಮಕಾತಿ_ಮೇಜು

ನಿಜವೇ. ಆದರೆ ಕೇಳುವವರಿಗೆ ಅದು "ಮತ್ತೆ ಗೆಳೆಯ ಕೇಳಿದರೆ ಮತ್ತೆ ಮಾಡುತ್ತಾನೆ" ಅಂತ ಕೇಳಿಸುತ್ತದೆ. "ಬೇರೆಯವರ ಹಾಜರಿ ನಾನು ಹಾಕಿದೆ, ವಿಚಾರಣೆಯಲ್ಲಿ ಒಪ್ಪಿಕೊಂಡೆ, ತೆಗೆದರು" ಅಂತ ಅಷ್ಟೇ ಹೇಳಿದ್ದರೆ ನಾಲ್ಕರಲ್ಲಿ ಒಂದಾದರೂ ಬೇರೆ ಆಗುತ್ತಿತ್ತೇನೋ. ಖಾತ್ರಿ ಇಲ್ಲ. ಈಗಿರುವ ಕಡೆ ಚೆನ್ನಾಗಿ ಕೆಲಸ ಮಾಡಿ. ಒಂದೆರಡು ವರ್ಷ ಆದರೆ ಮುಂದಿನ ಇಂಟರ್‌ವ್ಯೂನಲ್ಲಿ ಮೊದಲು ಕೇಳುವುದು ಈಗಿನ ಈ ಕೆಲಸ ಬಿಟ್ಟದ್ದು ಯಾಕೆ ಅಂತ.

---

ಲೆಕ್ಕದ_ಪುಟ

ನಾಳೆಯೇ ಗುರುವಾರ. ಹೊಸದಾಗಿ ಬರೆದುಕೊಂಡಿದ್ದೇನೆ, ನೋಡಿ:

"ಕಂಪನಿ ನನ್ನನ್ನು ಆಗಸ್ಟ್‌ನಲ್ಲಿ ಕೆಲಸದಿಂದ ತೆಗೆಯಿತು. ಒಂದೇ ಬಿಲ್ಲನ್ನು ನಾನು ಎರಡು ಸಲ ಎಂಟ್ರಿ ಮಾಡಿದೆ, ಎರಡು ಸಲ ಹಣ ಹೋಯಿತು. ವೆಂಡರ್ ವಾಪಸ್ ಕೊಟ್ಟರು. ಅದಕ್ಕೂ ಮೊದಲು ಇಂಥದೇ ತಪ್ಪಿಗೆ ಒಂದು ಎಚ್ಚರಿಕೆ ಬಂದಿತ್ತು, ನಾನು ಅದನ್ನು ಹಗುರವಾಗಿ ತೆಗೆದುಕೊಂಡಿದ್ದೆ. ಬಿಲ್ ನಂಬರನ್ನು ಒಂದೊಂದು ಸಲ ಒಂದೊಂದು ಥರ ಬರೆಯುತ್ತಿದ್ದದ್ದೇ ಕಾರಣ. ಈಗ ಅದನ್ನು ಹೇಗೆ ತಡೆಯಬೇಕು ಅಂತ ಗೊತ್ತು, ಬೇಕಿದ್ದರೆ ತೋರಿಸುತ್ತೇನೆ."

ಗಡಿಯಾರ ಇಟ್ಟು ಹೇಳಿ ನೋಡಿದೆ. ಅರ್ಧ ನಿಮಿಷದೊಳಗೆ ಮುಗಿಯುತ್ತದೆ. "ಹಗುರವಾಗಿ ತೆಗೆದುಕೊಂಡಿದ್ದೆ" ಅನ್ನುವಲ್ಲಿ ಎರಡು ಸಲ ಗಂಟಲು ಕಟ್ಟಿತು.

---

ಕರಾವಳಿ_ಲೆಡ್ಜರ್

ಆ ಸಾಲನ್ನು ಮಾತ್ರ ತೆಗೆಯಬೇಡಿ.

---

ಬಿಟಿಎಂ_ಎರಡನೇ_ಹಂತ

ಇಷ್ಟೊಂದು ಹೇಳಿದರೆ ಕೆಲಸ ಕೊಡುವುದಿಲ್ಲ ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಏನಾಯಿತು ಅಂತ ತಪ್ಪದೆ ತಿಳಿಸಿ. ಒಳ್ಳೆಯದಾಗಲಿ.

---

ಲೆಕ್ಕದ_ಪುಟ (ಐದು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಗುರುವಾರದ ಕಡೆ ಆಗಲಿಲ್ಲ. ಹೇಳಿ ಮುಗಿಸಿದ ತಕ್ಷಣ ಎಚ್‌ಆರ್ "ಓಕೆ" ಅಂದು ಸಂಬಳದ ಪ್ರಶ್ನೆಗೆ ಹೋದರು. ಮ್ಯಾನೇಜರ್ ತಲೆ ಎತ್ತಲೇ ಇಲ್ಲ. ಒಂಬತ್ತು ದಿನದ ಮೇಲೆ ಮೇಲ್ ಬಂತು. ಕಾರಣ ಬರೆದಿರಲಿಲ್ಲ. ಬಿಟಿಎಂ ಸರ್, ನೀವು ಹೇಳಿದ ಹಾಗೇ ಆಯಿತು.

ಎರಡನೇ ಕಡೆ ಬೊಮ್ಮಸಂದ್ರದಲ್ಲಿ. ಅದೇ ಉತ್ತರ ಹೇಳಿದೆ. ಅಲ್ಲಿನ ಫೈನಾನ್ಸ್ ಮ್ಯಾನೇಜರ್ ಒಬ್ಬರು ಹೆಂಗಸು, ಐವತ್ತರ ಮೇಲಿನವರು. ಒಂದು ಖಾಲಿ ಹಾಳೆ ನನ್ನ ಕಡೆ ತಳ್ಳಿ "ಎರಡು ನಂಬರೂ ಬರೆದು ತೋರಿಸಮ್ಮ" ಅಂದರು. ವೆಂಡರ್‌ನ ನಿಜವಾದ ನಂಬರ್ ಬೇಡ ಅಂತ ಸುಮ್ಮನೆ 0123 ಅಂತ ಬರೆದೆ, ಒಂದರಲ್ಲಿ ಗೆರೆ ಹಾಕಿ, ಇನ್ನೊಂದರಲ್ಲಿ ಹಾಕದೆ. ಅವರು ಪೆನ್ನು ತೆಗೆದುಕೊಂಡು ಕೆಳಗೆ ಮೂರನೆಯದು ಬರೆದರು, ಸೊನ್ನೆಯ ಜಾಗದಲ್ಲಿ ಇಂಗ್ಲಿಷ್‌ನ O ಅಕ್ಷರ ಹಾಕಿ. "ಇದನ್ನು ಹೇಗೆ ಹಿಡೀತೀಯ?" ಅಂದರು. ನಂಬರ್ ನೋಡಿ ಆಗಲ್ಲ ಮೇಡಂ, ಮೊತ್ತ ಮತ್ತು ತಾರೀಖು ಇಟ್ಟು ಪಟ್ಟಿ ತೆಗೆದರೆ ಸಿಗುತ್ತದೆ ಅಂದೆ. ಆಮೇಲೆ ಹತ್ತು ನಿಮಿಷ ಅದೇ ಮಾತು. ಚೆಕ್ಕರ್ ಇರಲಿಲ್ವಾ ಅಂತಲೂ ಕೇಳಿದರು. ನೇಮಕಾತಿ ಅಕ್ಕ ಹೇಳಿಕೊಟ್ಟ ಹಾಗೇ ಹೇಳಿದೆ. ದಿನಕ್ಕೆ ಎಷ್ಟು ಬಿಲ್ ಅಂದರು. ಮೊದಲು 60, ಆಮೇಲೆ 110 ಅಂದೆ. ಬರೆದುಕೊಂಡರು, ಏನೂ ಅನ್ನಲಿಲ್ಲ. ನಾನೂ ಸುಮ್ಮನಿದ್ದೆ.

ಆಫರ್ ಬಂದಿದೆ. ಸಂಬಳ ಹಳೆಯದಕ್ಕಿಂತ ಸ್ವಲ್ಪ ಕಡಿಮೆ. ಪ್ರೊಬೇಷನ್ ಆರು ತಿಂಗಳು. ಮೊದಲ ಮೂರು ತಿಂಗಳು ನನ್ನ ಎಂಟ್ರಿಗಳನ್ನೆಲ್ಲ ಇನ್ನೊಬ್ಬರು ನೋಡುತ್ತಾರೆ. ಒಪ್ಪಿಕೊಂಡೆ.

ನಿನ್ನೆ ಪರಿಶೀಲನೆಯ ಫಾರಂ ತುಂಬಿದೆ. "ನಿಮ್ಮನ್ನು ಎಂದಾದರೂ ಕೆಲಸದಿಂದ ತೆಗೆದಿದ್ದಾರೆಯೇ, ರಾಜೀನಾಮೆ ಕೊಡಲು ಹೇಳಿದ್ದಾರೆಯೇ?" ಅನ್ನುವ ಸಾಲಿತ್ತು. ಹೌದು ಅಂತ ಒತ್ತಿದೆ. ಕೆಳಗೆ ಕಾರಣ ಬರೆಯಲು ನೂರು ಅಕ್ಷರದಷ್ಟೇ ಜಾಗ. ಎಷ್ಟು ತಿದ್ದಿದರೂ ಎಚ್ಚರಿಕೆಯ ವಿಷಯ ಹಿಡಿಸಲು ಆಗಲಿಲ್ಲ. ಕೊನೆಗೆ "ಎಂಟ್ರಿ ತಪ್ಪಿನಿಂದ ಎರಡು ಸಲ ಪಾವತಿ ಆಯಿತು, ಕಂಪನಿ ತೆಗೆಯಿತು. ವಿವರ ಸಂದರ್ಶನದಲ್ಲಿ ಹೇಳಿದ್ದೇನೆ" ಅನ್ನುವ ಅರ್ಥ ಬರುವ ಹಾಗೆ ಇಂಗ್ಲಿಷ್‌ನಲ್ಲಿ ಬರೆದೆ. ಹಳೆ ಪತ್ರವನ್ನೂ ಲಗತ್ತಿಸಿದೆ, ಎರಡು ಪುಟವೂ.

ವರದಿ ಇನ್ನೂ ಬಂದಿಲ್ಲ. ಸೇರಬೇಕಾದ ದಿನ ಒಂದನೇ ತಾರೀಖು. ನೇಮಕಾತಿ ಅಕ್ಕ, ಎಚ್ಚರಿಕೆಯ ವಿಷಯ ಆ ಜಾಗದಲ್ಲಿ ಬರದೆ ಪತ್ರದಲ್ಲಿ ಮಾತ್ರ ಇದ್ದರೆ ಸಾಕಾ? ಇಲ್ಲ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ತಿಳಿಸಿಬಿಡಲಾ?

---

ನೇಮಕಾತಿ_ಮೇಜು

ಇವತ್ತೇ ಮೇಲ್ ಹಾಕಿ. ಎರಡು ಸಾಲು ಸಾಕು. ಫಾರಂನಲ್ಲಿ ಜಾಗ ಇರಲಿಲ್ಲ, ಫೆಬ್ರವರಿಯ ಎಚ್ಚರಿಕೆಯ ವಿಷಯ ಲಗತ್ತಿಸಿದ ಪತ್ರದಲ್ಲಿದೆ, ಇಂಟರ್‌ವ್ಯೂನಲ್ಲೂ ಹೇಳಿದ್ದೇನೆ ಅಂತ. ಆ ಮೇಲ್‌ನ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.